ತೆರಿಗೆ ರಿಟರ್ನ್‌ಗೆ ಪ್ರೀಮಿಯಂ ಪ್ರಮಾಣಪತ್ರ: ವಿಮಾ ಕಚೇರಿಗೆ ಬರೆಯುವ ಪತ್ರದಲ್ಲಿ ಏನೇನು ಕೇಳಬೇಕು

"ಇನ್‌ಕಂ ಟ್ಯಾಕ್ಸ್‌ಗೆ ಒಂದು ಸರ್ಟಿಫಿಕೇಟ್ ಕೊಡಿ" ಎಂದು ಜೀವ ವಿಮಾ ಶಾಖೆಯ ಕೌಂಟರಿನಲ್ಲಿ ಕೇಳಿದರೆ ಒಂದು ಹಾಳೆ ಕೈಗೆ ಬರುತ್ತದೆ. ಪಾಲಿಸಿದಾರರ ಹೆಸರು, ಪಾಲಿಸಿ ಸಂಖ್ಯೆ, ಕೊನೆಯಲ್ಲಿ ಒಂದು ಒಟ್ಟು ಮೊತ್ತ. ಬಹಳ ಮಂದಿ ಆ ಒಟ್ಟು ಮೊತ್ತವನ್ನೇ ರಿಟರ್ನ್‌ನಲ್ಲಿ ಬರೆದು ಮುಗಿಸುತ್ತಾರೆ. ಎಷ್ಟೋ ಸಲ ಅದು ಸರಿಯೇ ಇರುತ್ತದೆ. ತಪ್ಪಾದಾಗ ಮಾತ್ರ ಏಕೆ ತಪ್ಪಾಯಿತೆಂದು ಆ ಹಾಳೆಯಿಂದ ತಿಳಿಯುವುದಿಲ್ಲ, ಏಕೆಂದರೆ ತೆರಿಗೆ ಕಾನೂನು ಕೇಳುವ ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಇರುವುದಿಲ್ಲ.

ಕಾನೂನು ಮುಖ್ಯವಾಗಿ ಕೇಳುವುದು ಎರಡು. ಈ ಹಣ ಯಾವ ಹಣಕಾಸು ವರ್ಷದಲ್ಲಿ ಕಟ್ಟಿದ್ದು? ಕಟ್ಟಿದ್ದರಲ್ಲಿ ವಿನಾಯಿತಿಗೆ ಲೆಕ್ಕವಾಗುವುದು ಎಷ್ಟು? ಮೊದಲನೆಯದಕ್ಕೆ ಪ್ರೀಮಿಯಂ ಪಾವತಿ ಪ್ರಮಾಣಪತ್ರ ಉತ್ತರ ಕೊಡಬೇಕು, ಎರಡನೆಯದಕ್ಕೆ ಪಾಲಿಸಿಯ ವಾರ್ಷಿಕ ಸ್ಟೇಟ್‌ಮೆಂಟ್. ಅದಕ್ಕೇ ಪತ್ರದಲ್ಲಿ ಎರಡನ್ನೂ ಕೇಳಬೇಕು. ಬರಿದೇ ಹೆಸರು ಹೇಳಿ ಕೇಳಿದರೆ ಸಾಲದು, ಅವುಗಳಲ್ಲಿ ಯಾವ ಯಾವ ವಿವರ ಇರಬೇಕೆಂದು ಬಿಡಿಸಿ ಬರೆಯಬೇಕು.

ಅದಕ್ಕೂ ಮೊದಲು ಒಂದು ಮಾತು. ಜೀವ ವಿಮೆಯ ಪ್ರೀಮಿಯಂಗೆ 80ಸಿ ಕಲಮಿನಡಿ ಸಿಗುವ ಕಡಿತ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. ಪಿಎಫ್, ಮಕ್ಕಳ ಶಾಲಾ ಬೋಧನಾ ಶುಲ್ಕ, ಗೃಹಸಾಲದ ಅಸಲು ಎಲ್ಲವೂ ಸೇರಿ ಅದರ ಮಿತಿ ವರ್ಷಕ್ಕೆ 1,50,000 ರೂಪಾಯಿ. ಈಗ ಹೊಸ ಪದ್ಧತಿಯೇ ಮೂಲ ಆಯ್ಕೆಯಾಗಿದ್ದು, ಅದರಲ್ಲಿ ಈ ಕಡಿತ ಇಲ್ಲ. ಹೊಸ ಪದ್ಧತಿಯಲ್ಲಿರುವವರಿಗೆ ಈ ವರ್ಷದ ರಿಟರ್ನ್‌ಗಾಗಿ ಪ್ರಮಾಣಪತ್ರ ಬೇಕಿಲ್ಲ. ಆದರೂ ವಾರ್ಷಿಕ ಸ್ಟೇಟ್‌ಮೆಂಟ್ ಅವರಿಗೂ ಬೇಕಾಗುತ್ತದೆ. ಕಾರಣವನ್ನು ಮುಂದೆ ಹೇಳುತ್ತೇನೆ.

ಒಂದು ಉದಾಹರಣೆ ಹಿಡಿದು ಹೋಗೋಣ. ಒಬ್ಬ ಪ್ರೌಢಶಾಲಾ ಶಿಕ್ಷಕಿಯ ಪಾಲಿಸಿ 2015ರ ಸೆಪ್ಟೆಂಬರ್ 28ರಂದು ಶುರುವಾಗಿದೆ ಎಂದಿಟ್ಟುಕೊಳ್ಳಿ. ಕಂತು ಆರು ತಿಂಗಳಿಗೊಮ್ಮೆ, ಸೆಪ್ಟೆಂಬರ್ 28 ಮತ್ತು ಮಾರ್ಚ್ 28ಕ್ಕೆ. ಒಂದು ಕಂತು 16,500 ರೂಪಾಯಿ, ವರ್ಷಕ್ಕೆ 33,000. ಜಿಎಸ್‌ಟಿಯನ್ನು ಸದ್ಯಕ್ಕೆ ಬದಿಗಿಡೋಣ. ಮೂಲ ವಿಮಾ ಮೊತ್ತ 3,00,000 ರೂಪಾಯಿ. ಅವರು 2025-26ರ ಹಣಕಾಸು ವರ್ಷದ ರಿಟರ್ನ್‌ಗೆ ತಯಾರಿ ಮಾಡಿಕೊಳ್ಳುತ್ತಿದ್ದಾರೆ.

ಅವರು 2025ರ ಮಾರ್ಚ್ 28ರ ಕಂತನ್ನು ಆ ತಿಂಗಳು ಕಟ್ಟಲಿಲ್ಲ. ಅರ್ಧವಾರ್ಷಿಕ ಕಂತಿಗೆ ಸಾಮಾನ್ಯವಾಗಿ 30 ದಿನಗಳ ಗ್ರೇಸ್ ಅವಧಿ ಇರುತ್ತದೆ. ಆ ಧೈರ್ಯದಲ್ಲಿ ಏಪ್ರಿಲ್ 9ಕ್ಕೆ ಕಟ್ಟಿದರು. ವಿಮೆಯ ಮಟ್ಟಿಗೆ ಏನೂ ತೊಂದರೆಯಿಲ್ಲ, ಪಾಲಿಸಿ ಚಾಲ್ತಿಯಲ್ಲೇ ಉಳಿಯಿತು. ತೆರಿಗೆಯ ಮಟ್ಟಿಗೆ ಮಾತ್ರ ಆ ಕಂತು ಒಂದು ವರ್ಷದಿಂದ ಇನ್ನೊಂದಕ್ಕೆ ದಾಟಿಹೋಯಿತು. 80ಸಿ ಕಡಿತ ಸಿಗುವುದು ಆ ವರ್ಷದೊಳಗೆ ನಿಜವಾಗಿ ಕಟ್ಟಿದ ಹಣಕ್ಕೆ. ಕಂತು ಯಾವ ತಾರೀಖಿಗೆ ಬಾಕಿಯಾಗಿತ್ತು ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ 2024-25ರಲ್ಲಿ ಅವರ ಹೆಸರಿಗೆ ಉಳಿದದ್ದು ಸೆಪ್ಟೆಂಬರ್‌ನ ಒಂದೇ ಕಂತು, 16,500 ರೂಪಾಯಿ. 2025-26ರಲ್ಲಿ ಮೂರು ಕಂತುಗಳಾದವು: ಏಪ್ರಿಲ್ 9ರದ್ದು, ಸೆಪ್ಟೆಂಬರ್ 25ರದ್ದು, 2026ರ ಮಾರ್ಚ್ 24ರದ್ದು. ಒಟ್ಟು 49,500 ರೂಪಾಯಿ.

ಈಗ ಶಾಖೆಯಲ್ಲಿ ಅವರಿಗೆ ಸಿಕ್ಕ ಹಾಳೆಯಲ್ಲಿ ಬರೀ ಬಾಕಿ ತಾರೀಖಿನ ಲೆಕ್ಕ ಇದ್ದರೆ 28-09-2025 ಮತ್ತು 28-03-2026 ಎಂಬ ಎರಡೇ ಸಾಲು ಕಾಣುತ್ತದೆ, ಒಟ್ಟು 33,000. ಹಿಂದಿನ ವರ್ಷಕ್ಕೂ ಅದೇ ರೀತಿ 33,000. ಎರಡೂ ವರ್ಷ ನೋಡಲು ಅಚ್ಚುಕಟ್ಟು, ಎರಡೂ ತಪ್ಪು. 2024-25ಕ್ಕೆ 33,000 ಬರೆದಿದ್ದರೆ ಕಟ್ಟದೇ ಇದ್ದ 16,500 ರೂಪಾಯಿಗೆ ಕಡಿತ ಕೇಳಿದಂತಾಯಿತು. ಇಲಾಖೆ ವಿವರ ಕೇಳಿದರೆ ಬ್ಯಾಂಕ್ ಪಾಸ್‌ಬುಕ್ಕಿನ ಏಪ್ರಿಲ್ 9ರ ಸಾಲು ಅವರಿಗೆ ವಿರುದ್ಧವಾಗಿ ನಿಲ್ಲುತ್ತದೆ. ಆದ್ದರಿಂದ ಪತ್ರದ ಮೊದಲ ಬೇಡಿಕೆಯೇ ಇದಾಗಿರಬೇಕು: ಪ್ರತಿ ಕಂತಿನ ಬಾಕಿ ದಿನಾಂಕ ಮತ್ತು ಪಾವತಿಯಾದ ದಿನಾಂಕ ಬೇರೆ ಬೇರೆ ಕಾಲಂನಲ್ಲಿ ಇರಲಿ. ಅವಧಿಯನ್ನೂ "ಕಳೆದ ವರ್ಷದ್ದು" ಎಂದು ಬರೆಯಬೇಡಿ. ಪಾಲಿಸಿಯ ವರ್ಷ, ಕ್ಯಾಲೆಂಡರ್ ವರ್ಷ, ಹಣಕಾಸು ವರ್ಷ ಮೂರೂ ಬೇರೆ. "01-04-2025ರಿಂದ 31-03-2026ರವರೆಗೆ ಪಾವತಿಯಾದ" ಎಂದು ತಾರೀಖು ಹಾಕಿಯೇ ಬರೆಯಿರಿ.

ಏಜೆಂಟರ ಕೈಗೆ ಹಣ ಕೊಟ್ಟು ಕಟ್ಟಿಸುವವರಿಗೆ ಇಲ್ಲೇ ಇನ್ನೊಂದು ಎಚ್ಚರಿಕೆ ಹೇಳಬೇಕು. ಮಾರ್ಚ್ 30ಕ್ಕೆ ನೀವು ಹಣ ಕೊಟ್ಟು, ಅವರು ಏಪ್ರಿಲ್ 2ಕ್ಕೆ ಕಚೇರಿಯಲ್ಲಿ ಕಟ್ಟಿದರೆ ರಸೀದಿಯಲ್ಲಿ ಬರುವುದು ಏಪ್ರಿಲ್ 2. ಪ್ರಮಾಣಪತ್ರವೂ ಅದನ್ನೇ ಹೇಳುತ್ತದೆ. ಸಂಬಳದಲ್ಲೇ ಪ್ರೀಮಿಯಂ ಮುರಿದುಕೊಳ್ಳುವ ಯೋಜನೆಯಲ್ಲಿರುವವರ ಕಥೆ ಸ್ವಲ್ಪ ಬೇರೆ. ಮಾರ್ಚ್ ಸಂಬಳದಲ್ಲಿ ಕಡಿತವಾದ ಹಣ ಕಚೇರಿಯಿಂದ ವಿಮಾ ಸಂಸ್ಥೆಗೆ ತಲುಪುವುದು, ಅಲ್ಲಿ ಪಾಲಿಸಿಗೆ ಜಮೆಯಾಗುವುದು ತಡವಾಗಬಹುದು. ವರ್ಗಾವಣೆಯಾದ ವರ್ಷವಂತೂ ಒಂದೆರಡು ತಿಂಗಳ ಕಂತು ಎಲ್ಲೋ ಸಿಕ್ಕಿಕೊಂಡು "ಗ್ಯಾಪ್" ಬಿದ್ದಿರುತ್ತದೆ. ಇಂಥವರು ಪತ್ರದ ಜೊತೆ ಹನ್ನೆರಡೂ ತಿಂಗಳ ಸಂಬಳದ ಚೀಟಿಯ ಪ್ರತಿ ಇಟ್ಟು, ಜಮೆಯಾಗದ ತಿಂಗಳುಗಳ ಪಟ್ಟಿಯನ್ನೂ ಕೇಳಬೇಕು. ಆ ಗ್ಯಾಪ್ ತೆರಿಗೆಗಿಂತ ವಿಮೆಗೆ ದೊಡ್ಡ ಅಪಾಯ. ಕಂತು ಜಮೆಯಾಗದೆ ಹಾಗೇ ಉಳಿದರೆ ಕ್ಲೇಮಿನ ಹೊತ್ತಿಗೆ ಮನೆಯವರು ಅಲೆದಾಡಬೇಕಾಗುತ್ತದೆ.

ಈಗ ಎರಡನೆಯ ಪ್ರಶ್ನೆ. ಶಿಕ್ಷಕಿ 49,500 ಕಟ್ಟಿದ್ದು ನಿಜ, ಆದರೆ ಅಷ್ಟಕ್ಕೂ ಕಡಿತ ಸಿಗುವುದಿಲ್ಲ. 2012ರ ಏಪ್ರಿಲ್ 1 ಅಥವಾ ಅನಂತರ ನೀಡಿದ ಪಾಲಿಸಿಗಳಲ್ಲಿ ವಿಮಾ ಮೊತ್ತದ ಶೇ. 10ರಷ್ಟು ಪ್ರೀಮಿಯಂ ಮಾತ್ರ ಲೆಕ್ಕ. ಅದಕ್ಕಿಂತ ಹಳೆಯ ಪಾಲಿಸಿಗಳಿಗೆ ಶೇ. 20. 2013ರ ಏಪ್ರಿಲ್ ನಂತರದ ಪಾಲಿಸಿ ಅಂಗವೈಕಲ್ಯ ಅಥವಾ ಕಾನೂನಿನಲ್ಲಿ ಹೆಸರಿಸಿದ ಕೆಲವು ಕಾಯಿಲೆಗಳಿರುವವರ ಜೀವದ ಮೇಲಿದ್ದರೆ ಶೇ. 15. ಅಂದರೆ ಪಾಲಿಸಿ ನೀಡಿದ ದಿನಾಂಕ ಮತ್ತು ವಿಮಾ ಮೊತ್ತ ಎರಡೂ ಗೊತ್ತಿಲ್ಲದೆ ಲೆಕ್ಕ ಮುಂದೆ ಹೋಗುವುದಿಲ್ಲ. ಇವೆರಡು ಪ್ರಮಾಣಪತ್ರದಲ್ಲಿ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ವಾರ್ಷಿಕ ಸ್ಟೇಟ್‌ಮೆಂಟ್ ಬೇಕಾಗುವುದು ಇಲ್ಲಿಯೇ.

ಆಡಿಟರ್ ಹತ್ತಿರ ಹೋದರೆ ಅವರು ಮೂಲ ವಿಮಾ ಮೊತ್ತ 3,00,000 ನೋಡಿ, ಶೇ. 10 ಎಂದರೆ 30,000 ಎಂದು ಬರೆದುಬಿಡಬಹುದು. ಆದರೆ ಕಾನೂನು ಹೇಳುವ ವಿಮಾ ಮೊತ್ತ ಎಂದರೆ ಪಾಲಿಸಿಯ ಅವಧಿಯ ಯಾವುದೇ ಹೊತ್ತಿನಲ್ಲಿ ವಿಮಿತ ಘಟನೆ ನಡೆದರೂ ಸಿಗುವ ಕನಿಷ್ಠ ಖಾತರಿ ಮೊತ್ತ. ಬೋನಸ್ ಮತ್ತು ಹಿಂದಿರುಗಿಸುವುದಾಗಿ ಒಪ್ಪಿದ ಪ್ರೀಮಿಯಂ ಅದರಲ್ಲಿ ಸೇರುವುದಿಲ್ಲ. ಈಚಿನ ಎಷ್ಟೋ ಪಾಲಿಸಿಗಳಲ್ಲಿ ಮರಣ ಸಂದರ್ಭದ ಖಾತರಿ ಮೊತ್ತ ಮೂಲ ಮೊತ್ತಕ್ಕಿಂತ ಹೆಚ್ಚಿರುತ್ತದೆ. ಈ ಶಿಕ್ಷಕಿಯ ಪಾಲಿಸಿಯಲ್ಲಿ ಅದು ಮೂಲ ಮೊತ್ತದ ಶೇ. 125, ಅಂದರೆ 3,75,000 ರೂಪಾಯಿ ಎಂದುಕೊಳ್ಳೋಣ. ಆಗ ಶೇ. 10ರ ಮಿತಿ 37,500. ಮೂಲ ಮೊತ್ತ ಹಿಡಿದು 30,000 ಎಂದು ಬರೆದಿದ್ದರೆ 7,500 ರೂಪಾಯಿಯ ಕಡಿತವನ್ನು ಸುಮ್ಮನೆ ಬಿಟ್ಟುಕೊಟ್ಟಂತಾಗುತ್ತಿತ್ತು. ಹಾಗಾಗಿ ಪತ್ರದಲ್ಲಿ "ವಿಮಾ ಮೊತ್ತ ತಿಳಿಸಿ" ಎಂದಷ್ಟೇ ಬರೆಯದೆ, ಮೂಲ ವಿಮಾ ಮೊತ್ತವನ್ನೂ ಮರಣ ಸಂದರ್ಭದ ಕನಿಷ್ಠ ಖಾತರಿ ಮೊತ್ತವನ್ನೂ ಬೇರೆ ಬೇರೆಯಾಗಿ ಕೇಳಬೇಕು. ಇಡೀ ಪತ್ರದಲ್ಲಿ ಜನ ಕೇಳಲು ಮರೆಯುವುದು ಇದನ್ನೇ. ನನ್ನ ದೃಷ್ಟಿಯಲ್ಲಿ ಅತ್ಯಂತ ಬೆಲೆಯುಳ್ಳ ಸಾಲೂ ಇದೇ.

ಲೆಕ್ಕವನ್ನು ಪೂರ್ತಿ ಮಾಡೋಣ. 2025-26ರಲ್ಲಿ ಕಟ್ಟಿದ 49,500ರಲ್ಲಿ ಕಡಿತಕ್ಕೆ ಸಲ್ಲುವುದು 37,500. ಹಿಂದಿನ ವರ್ಷದ್ದು 16,500. ಎರಡೂ ಸೇರಿ 54,000. ಮಾರ್ಚ್ ಕಂತನ್ನು ಮಾರ್ಚ್‌ನಲ್ಲೇ ಕಟ್ಟಿದ್ದರೆ ವರ್ಷಕ್ಕೆ 33,000ದಂತೆ 66,000 ಸಿಗುತ್ತಿತ್ತು. ಹನ್ನೆರಡು ದಿನ ತಡವಾಗಿದ್ದಕ್ಕೆ 12,000 ರೂಪಾಯಿಯ ಕಡಿತ ಕೈಬಿಟ್ಟಿತು. ಮಿತಿ ಮೀರಿದ್ದನ್ನು ಮುಂದಿನ ವರ್ಷಕ್ಕೆ ಒಯ್ಯುವ ಅವಕಾಶ ಇಲ್ಲ. ನಿಂತುಹೋದ ಪಾಲಿಸಿಯನ್ನು ಮತ್ತೆ ಚಾಲ್ತಿಗೆ ತಂದು ಎರಡು ಮೂರು ವರ್ಷದ ಬಾಕಿಯನ್ನು ಒಟ್ಟಿಗೆ ಕಟ್ಟಿದವರಿಗೂ ಇದೇ ಮಿತಿ ಅಡ್ಡ ಬರುತ್ತದೆ, ಅವರಿಗೆ ಇನ್ನೂ ದೊಡ್ಡ ಪ್ರಮಾಣದಲ್ಲಿ.

ಬದಿಗಿಟ್ಟಿದ್ದ ಜಿಎಸ್‌ಟಿಗೆ ಬರೋಣ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮಾ ಪಾಲಿಸಿಗಳ ಮೇಲಿನ ಜಿಎಸ್‌ಟಿಯನ್ನು ತೆಗೆದಿದ್ದಾರೆ. ಆದ್ದರಿಂದ 2025-26ರ ಪ್ರಮಾಣಪತ್ರದಲ್ಲಿ ವರ್ಷದ ಮೊದಲರ್ಧದ ಕಂತು ಒಂದು ಮೊತ್ತ, ಕೊನೆಯರ್ಧದ್ದು ಸ್ವಲ್ಪ ಕಡಿಮೆ ಮೊತ್ತ ಕಂಡರೆ ಗಾಬರಿಯಾಗಬೇಕಿಲ್ಲ. ವಿಮೆಯನ್ನು ಚಾಲ್ತಿಯಲ್ಲಿಡಲು ಕಟ್ಟಿದ ಹಣವೆಂದು ಜಿಎಸ್‌ಟಿಯನ್ನೂ ಪ್ರೀಮಿಯಂ ಜೊತೆ ಸೇರಿಸಿ ತೋರಿಸುವುದು ರೂಢಿ. ತಡವಾಗಿ ಕಟ್ಟಿದ್ದಕ್ಕೆ ಹಾಕಿದ ಬಡ್ಡಿಯನ್ನು ಮಾತ್ರ ಸೇರಿಸದಿರುವುದೇ ಕ್ಷೇಮ. ಇವೆಲ್ಲ ಬೇರೆ ಬೇರೆ ಕಾಲಂನಲ್ಲಿ ಬಂದರೆ ನಿರ್ಧಾರ ನಿಮ್ಮ ಕೈಯಲ್ಲಿರುತ್ತದೆ. ಗಂಭೀರ ಕಾಯಿಲೆಯಂಥ ಆರೋಗ್ಯದ ರೈಡರ್ ಇದ್ದರೆ ಅದರ ಪ್ರೀಮಿಯಂ ಕೂಡ ಬೇರೆಯಾಗಿ ಬರಲಿ. ಅದನ್ನು 80ಡಿ ಕಲಮಿನಡಿ ತೋರಿಸುತ್ತಾರೆ.

ಯಾರ ಪಾಲಿಸಿಗೆ ಯಾರು ಕಡಿತ ಕೇಳಬಹುದು ಎಂಬುದು ಪತ್ರ ಬರೆಯುವಾಗಲೇ ತಲೆಯಲ್ಲಿರಬೇಕು. ತನ್ನ, ಗಂಡ ಅಥವಾ ಹೆಂಡತಿಯ ಮತ್ತು ಮಕ್ಕಳ ಜೀವದ ಮೇಲಿನ ಪಾಲಿಸಿಗೆ ತಾನು ಹಣ ಕಟ್ಟಿದ್ದರೆ ಕಡಿತ ಉಂಟು. ಮಕ್ಕಳು ದೊಡ್ಡವರಾಗಿ ಮದುವೆಯಾಗಿದ್ದರೂ ಅಡ್ಡಿಯಿಲ್ಲ. ಅಪ್ಪ ಅಮ್ಮನ ಜೀವ ವಿಮೆಗೆ ಮಗ ಕಟ್ಟಿದರೆ ಅವನಿಗೆ ಸಿಗುವುದಿಲ್ಲ. ಪ್ರಮಾಣಪತ್ರ ಬರುವುದು ಪಾಲಿಸಿದಾರರ ಹೆಸರಿಗೆ. ಹೀಗಾಗಿ ಹೆಂಡತಿಯ ಪಾಲಿಸಿಗೆ ಗಂಡ ಕಟ್ಟಿ ಕಡಿತ ಕೇಳುವುದಾದರೆ ಪತ್ರಕ್ಕೆ ಹೆಂಡತಿಯೇ ಸಹಿ ಮಾಡಬೇಕು, ಹಣ ಗಂಡನ ಖಾತೆಯಿಂದ ಹೋದದ್ದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಎತ್ತಿಟ್ಟುಕೊಳ್ಳಬೇಕು. ಇಬ್ಬರೂ ಒಂದೇ ಕಂತಿಗೆ ಕಡಿತ ಕೇಳುವಂತಿಲ್ಲ.

ಬಹುತೇಕ ವಿಮಾ ಸಂಸ್ಥೆಗಳ ಪೋರ್ಟಲ್‌ನಲ್ಲಿ ಪಾಲಿಸಿ ನೋಂದಾಯಿಸಿದ್ದರೆ ಪ್ರಮಾಣಪತ್ರವನ್ನು ಮನೆಯಿಂದಲೇ ಇಳಿಸಿಕೊಳ್ಳಬಹುದು. ಅದರಲ್ಲಿ ಪಾವತಿ ದಿನಾಂಕವೂ ವಿಮಾ ಮೊತ್ತಗಳೂ ಸರಿಯಾಗಿ ಇದ್ದರೆ ಪತ್ರದ ಅಗತ್ಯವೇ ಇಲ್ಲ. ಪತ್ರ ಬೇಕಾಗುವುದು ಹಳೆಯ ಮೊಬೈಲ್ ನಂಬರಿನಿಂದಾಗಿ ಪೋರ್ಟಲ್ ತೆರೆಯದಿದ್ದಾಗ, ಕಟ್ಟಿದ ಕಂತು ಪಟ್ಟಿಯಲ್ಲಿ ಕಾಣದಿದ್ದಾಗ, ಅಥವಾ ಈಗ ಹೇಳಿದ ವಿವರಗಳಲ್ಲಿ ಯಾವುದಾದರೂ ಇಲ್ಲದಿದ್ದಾಗ. ಶಿಕ್ಷಕಿಯ ಪತ್ರ ಹೀಗಿರಬಹುದು:

ದಿನಾಂಕ: ..........

ಇವರಿಗೆ,
ಶಾಖಾ ವ್ಯವಸ್ಥಾಪಕರು,
(ವಿಮಾ ಸಂಸ್ಥೆಯ ಹೆಸರು, ಪಾಲಿಸಿಯ ಸೇವಾ ಶಾಖೆಯ ವಿಳಾಸ)

ಮಾನ್ಯರೇ,

ವಿಷಯ: 2025-26ರ ಹಣಕಾಸು ವರ್ಷದ ಪ್ರೀಮಿಯಂ ಪಾವತಿ ಪ್ರಮಾಣಪತ್ರ ಮತ್ತು ಪಾಲಿಸಿಯ ವಾರ್ಷಿಕ ಸ್ಟೇಟ್‌ಮೆಂಟ್ ಕೋರಿ.
ಉಲ್ಲೇಖ: ಪಾಲಿಸಿ ಸಂಖ್ಯೆ .........., ಪ್ರಾರಂಭ ದಿನಾಂಕ 28-09-2015, ಅರ್ಧವಾರ್ಷಿಕ ಕಂತು.

ಮೇಲ್ಕಂಡ ಪಾಲಿಸಿಯ ಪಾಲಿಸಿದಾರಳಾದ ನಾನು ಆದಾಯ ತೆರಿಗೆ ರಿಟರ್ನ್ ಸಲ್ಲಿಸಬೇಕಾಗಿದ್ದು, ಈ ಕೆಳಗಿನ ಎರಡು ದಾಖಲೆಗಳನ್ನು ನೀಡಬೇಕೆಂದು ಕೋರುತ್ತೇನೆ.

ಮೊದಲನೆಯದಾಗಿ, 01-04-2025ರಿಂದ 31-03-2026ರವರೆಗೆ ಪಾವತಿಯಾದ ಎಲ್ಲ ಕಂತುಗಳ ಪ್ರಮಾಣಪತ್ರ. ಇದರಲ್ಲಿ ಪ್ರತಿ ಕಂತಿನ ಬಾಕಿ ದಿನಾಂಕ, ಪಾವತಿಯಾದ ದಿನಾಂಕ, ರಸೀದಿ ಸಂಖ್ಯೆ, ಮೂಲ ಪ್ರೀಮಿಯಂ, ರೈಡರ್ ಪ್ರೀಮಿಯಂ, ಜಿಎಸ್‌ಟಿ ಹಾಗೂ ತಡ ಪಾವತಿಯ ಬಡ್ಡಿಯನ್ನು ಪ್ರತ್ಯೇಕವಾಗಿ ನಮೂದಿಸಿಕೊಡಬೇಕು. 28-03-2025ರ ಕಂತನ್ನು ನಾನು 09-04-2025ರಂದು ಪಾವತಿಸಿದ್ದು, ಅದು ಈ ಪ್ರಮಾಣಪತ್ರದಲ್ಲಿ ಸೇರಿರಬೇಕಾಗಿ ವಿನಂತಿ.

ಎರಡನೆಯದಾಗಿ, 31-03-2026ರಂದು ಇದ್ದಂತೆ ಪಾಲಿಸಿಯ ವಾರ್ಷಿಕ ಸ್ಟೇಟ್‌ಮೆಂಟ್. ಇದರಲ್ಲಿ ಪಾಲಿಸಿ ನೀಡಿದ ದಿನಾಂಕ, ಮೂಲ ವಿಮಾ ಮೊತ್ತ, ಮರಣ ಸಂದರ್ಭದ ಕನಿಷ್ಠ ಖಾತರಿ ಮೊತ್ತ, ಪ್ರಾರಂಭದಿಂದ ಈವರೆಗೆ ಪಾವತಿಸಿದ ಒಟ್ಟು ಪ್ರೀಮಿಯಂ, ಸೇರಿದ ಬೋನಸ್, ಪಾಲಿಸಿ ಸಾಲವಿದ್ದರೆ ಅದರ ಬಾಕಿ, ಹಾಗೂ ಪಾಲಿಸಿ ಚಾಲ್ತಿಯಲ್ಲಿದೆಯೇ ಎಂಬುದನ್ನು ತಿಳಿಸಬೇಕು.

ಎರಡೂ ದಾಖಲೆಗಳು 30-06-2026ರೊಳಗೆ ದೊರೆತರೆ ಅನುಕೂಲವಾಗುತ್ತದೆ. ಗುರುತಿಗಾಗಿ ಪ್ಯಾನ್ ಕಾರ್ಡಿನ ಪ್ರತಿ ಮತ್ತು ಮೂರು ರಸೀದಿಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
(ಸಹಿ, ಹೆಸರು, ವಿಳಾಸ, ಪಾಲಿಸಿಯಲ್ಲಿ ನೋಂದಾಯಿತ ಮೊಬೈಲ್ ಮತ್ತು ಇಮೇಲ್)

ಪತ್ರದ ನಡುವೆ ಏಪ್ರಿಲ್ 9ರ ಕಂತನ್ನು ಹೆಸರಿಟ್ಟು ಹೇಳಿರುವುದನ್ನು ಗಮನಿಸಿ. ತಪ್ಪಿಹೋಗಬಹುದಾದ ಕಂತು ಯಾವುದೆಂದು ನಿಮಗೆ ಗೊತ್ತಿರುತ್ತದೆ, ಮೇಜಿನ ಆಚೆ ಕುಳಿತವರಿಗೆ ಗೊತ್ತಿರುವುದಿಲ್ಲ. ಅದನ್ನು ಮೊದಲೇ ಹೇಳಿದರೆ ಅವರ ಕೆಲಸವೂ ಹಗುರ, ನೀವು ಮತ್ತೆ ಹೋಗುವುದೂ ತಪ್ಪುತ್ತದೆ. ಸಂಬಳದಾರರ ರಿಟರ್ನ್‌ಗೆ ಸಾಮಾನ್ಯವಾಗಿ ಜುಲೈ 31 ಕೊನೆಯ ದಿನ. ಹಾಗಾಗಿ ಜೂನ್ ಕೊನೆ ಎಂದು ಬರೆದರೆ ತಪ್ಪು ತಿದ್ದಿಸಿಕೊಳ್ಳಲು ಒಂದು ತಿಂಗಳು ಉಳಿಯುತ್ತದೆ. ಪಾಲಿಸಿ ಒಂದಕ್ಕಿಂತ ಹೆಚ್ಚಿದ್ದು ಅವು ಬೇರೆ ಬೇರೆ ಶಾಖೆಗಳ ಸೇವೆಯಲ್ಲಿದ್ದರೆ ಶಾಖೆಗೊಂದು ಪತ್ರ ಬರೆಯುವುದು ಒಳ್ಳೆಯದು.

ಕೈಯಲ್ಲಿ ಕೊಡುವುದಾದರೆ ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಮತ್ತು ತಾರೀಖು ಹಾಕಿಸಿಕೊಳ್ಳಿ. ಇಮೇಲ್ ಆದರೆ ಪಾಲಿಸಿಯಲ್ಲಿ ನೋಂದಾಯಿತ ವಿಳಾಸದಿಂದಲೇ ಕಳಿಸಿ. ಬೇರೆ ವಿಳಾಸದಿಂದ ಬಂದ ಕೋರಿಕೆಗೆ ಪಾಲಿಸಿಯ ವಿವರ ಕೊಡಲು ಅವರು ಹಿಂಜರಿಯುತ್ತಾರೆ, ಹಿಂಜರಿಯುವುದು ಸರಿಯೂ ಹೌದು. ಉತ್ತರ ಬಾರದಿದ್ದರೆ ಮೊದಲು ಸಂಸ್ಥೆಯ ದೂರು ಪರಿಹಾರ ಅಧಿಕಾರಿಗೆ ಬರೆಯಿರಿ, ಅನಂತರ ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಎರಡಕ್ಕೂ ಆ ಮುದ್ರೆಯೇ ಆಧಾರ.

ದಾಖಲೆ ಬಂದ ಮೇಲೆ ಮೂರು ರಸೀದಿಗಳನ್ನು ಪಕ್ಕದಲ್ಲಿಟ್ಟುಕೊಂಡು ಪಾವತಿ ದಿನಾಂಕಗಳನ್ನು ಒಂದೊಂದಾಗಿ ತಾಳೆ ನೋಡಿ. 2025-26ರ ತೆರಿಗೆ ನಿರ್ಧರಣಾ ವರ್ಷದಿಂದ ಐಟಿಆರ್‌ನಲ್ಲಿ 80ಸಿ ತುಂಬುವಾಗ ಪಾಲಿಸಿ ಸಂಖ್ಯೆಯನ್ನೂ ಕೇಳುತ್ತಾರೆ. ಅದನ್ನು ಪ್ರಮಾಣಪತ್ರ ನೋಡಿಯೇ ಬರೆಯಿರಿ. ಸ್ಟೇಟ್‌ಮೆಂಟ್‌ನಲ್ಲಿ ಪಾಲಿಸಿಯ ಸ್ಥಿತಿಯನ್ನೂ ನೋಡಬೇಕು. ಎರಡು ವರ್ಷದ ಪ್ರೀಮಿಯಂ ಕಟ್ಟುವ ಮೊದಲೇ ಪಾಲಿಸಿಯನ್ನು ನಿಲ್ಲಿಸಿದರೆ ಹಿಂದೆ ಪಡೆದ ಕಡಿತವೆಲ್ಲ ನಿಲ್ಲಿಸಿದ ವರ್ಷದ ಆದಾಯಕ್ಕೆ ಸೇರುತ್ತದೆ. ಯುಲಿಪ್‌ಗೆ ಈ ಅವಧಿ ಐದು ವರ್ಷ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು, 80ಸಿಯ ವಿಷಯ ಅದರ 123ನೇ ಕಲಮಿಗೆ ಹೋಗಿದೆ. ಆದರೆ 2025-26ರ ಆದಾಯಕ್ಕೆ ಹಳೆಯ ಕಾಯ್ದೆಯೇ ಅನ್ವಯ, ಪತ್ರದಲ್ಲಿ ಏನನ್ನೂ ಬದಲಿಸಬೇಕಿಲ್ಲ.

ರಿಟರ್ನ್ ಜೊತೆ ಈ ದಾಖಲೆಗಳನ್ನು ಲಗತ್ತಿಸುವಂತಿಲ್ಲ, ಕೇಳಿದಾಗ ತೋರಿಸಬೇಕು. ಹಾಗೆಂದು ಒಂದೆರಡು ವರ್ಷದಲ್ಲಿ ಎಸೆಯಬೇಡಿ. ಹೊಸ ಪದ್ಧತಿಯವರಿಗೂ ಸ್ಟೇಟ್‌ಮೆಂಟ್ ಬೇಕು ಎಂದಿದ್ದು ಇದಕ್ಕೇ. ಯಾವುದೇ ವರ್ಷದ ಪ್ರೀಮಿಯಂ ಆ ಶೇ. 10ರ ಮಿತಿ ದಾಟುವಂತಿದ್ದರೆ ಮೆಚ್ಯೂರಿಟಿ ಹಣಕ್ಕೂ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಮರಣದ ಕ್ಲೇಮಿಗೆ ಈ ಷರತ್ತು ಇಲ್ಲ. ವಿನಾಯಿತಿ ಇಲ್ಲದ ಪಾಲಿಸಿಯಿಂದ ವರ್ಷದಲ್ಲಿ 1,00,000 ರೂಪಾಯಿ ಅಥವಾ ಹೆಚ್ಚು ಬಂದರೆ, ಬಂದ ಹಣದಲ್ಲಿ ಕಟ್ಟಿದ ಪ್ರೀಮಿಯಂ ಕಳೆದು ಉಳಿದದ್ದರ ಮೇಲೆ ಸಂಸ್ಥೆ ಟಿಡಿಎಸ್ ಮುರಿಯುತ್ತದೆ. 2024ರ ಅಕ್ಟೋಬರ್‌ನಿಂದ ಅದರ ದರ ಶೇ. 2. ಆ ದಿನ ಅವರ ಲೆಕ್ಕದಲ್ಲಿ ಒಂದೆರಡು ಕಂತು ಬಿಟ್ಟುಹೋಗಿದ್ದರೆ ತೋರಿಸಲು ವರ್ಷವರ್ಷದ ಪ್ರಮಾಣಪತ್ರಗಳು ಬೇಕಾಗುತ್ತವೆ. ಪಾಲಿಸಿ ಬಾಂಡ್ ಇರುವ ಫೈಲಿನಲ್ಲೇ ಅವನ್ನೂ ಸೇರಿಸಿಡಿ.